ಸೋಬ್ರೆಮೇಸಾ: ಸ್ಪೇನ್‌ನವರ ಮನೆಯಲ್ಲಿ ಊಟ ಆದ ಮೇಲೆ ಯಾವಾಗ ಏಳಬೇಕು?

ಸಾಗರದ_ಸುಬ್ಬು
ಎಲ್ಲರಿಗೂ ನಮಸ್ಕಾರ. ಕಂಪನಿ ಕೆಲಸದ ಮೇಲೆ ವಲೆನ್ಸಿಯಾಕ್ಕೆ ಹೋಗ್ತಿದ್ದೀನಿ. ಅಲ್ಲಿನ ಸಹೋದ್ಯೋಗಿ ಭಾನುವಾರ ಮನೆಗೆ ಊಟಕ್ಕೆ ಕರೆದಿದ್ದಾರೆ. ಎರಡು ಗಂಟೆಗೆ ಬನ್ನಿ, ಸೋಬ್ರೆಮೇಸಾಗೂ ಟೈಮ್ ಇಟ್ಕೊಂಡು ಬನ್ನಿ ಅಂದ್ರು. ಊಟ ಆದ ಮೇಲೆ ಮೇಜಿನ ಹತ್ರನೇ ಕೂತು ಮಾತಾಡೋದು ಅಂತ ಗೊತ್ತು. ಗೊತ್ತಾಗದೇ ಇರೋದು ಉಳಿದಿದ್ದು. ಎಷ್ಟು ಹೊತ್ತು ಕೂರಬೇಕು? ಯಾವಾಗ ಎದ್ದರೆ ಅವರಿಗೆ ಬೇಜಾರಾಗಲ್ಲ? ಏನು ತಗೊಂಡು ಹೋಗಲಿ? ನಾನು ಸಸ್ಯಾಹಾರಿ, ಮೊಟ್ಟೆ ಪರವಾಗಿಲ್ಲ. ಕುಡಿಯೋ ಅಭ್ಯಾಸ ಇಲ್ಲ. ಸಂಜೆ ಆರೂವರೆಗೆ ಇಲ್ಲಿನ ಮನೆಯವರ ಜೊತೆ ವಿಡಿಯೊ ಕಾಲ್ ಬೇರೆ ಇದೆ.

ಬಿಸಿಬಿಸಿ_ಸುದ್ದಿ
ಆ ಕಾಲ್ ಮರ್ತುಬಿಡಿ ಸಾರ್ 😀 ಸ್ಪೇನ್‌ನಲ್ಲಿ ದಿನಾ ಎರಡರಿಂದ ಐದು ಗಂಟೆವರೆಗೆ ದೇಶಾನೇ ಬಂದ್. ಊಟ, ಸೋಬ್ರೆಮೇಸಾ, ಆಮೇಲೆ ಸಿಯೆಸ್ಟಾ ನಿದ್ದೆ.

ಲಿಸ್ಬನ್_ಲಲಿತಾ
ಸೋಬ್ರೆಮೇಸಾ ಅಂದ್ರೆ ಊಟದ ಕೊನೆಗೆ ಕೊಡೋ ಸಿಹಿ ಅಲ್ವಾ? ಇಲ್ಲಿ ಹೋಟೆಲ್ ಮೆನುವಿನ ಕೊನೇ ಪುಟದಲ್ಲಿ ದಿನಾ ನೋಡ್ತೀನಲ್ಲ. ನಿಮ್ಮನ್ನ ಸಿಹಿ ತಿನ್ನೋಕೆ ಇರಿ ಅಂದಿರಬೇಕು ಅಷ್ಟೇ.

ತುಂಗಾತೀರ
ಲಲಿತಾ ಅವರೇ, ನೀವು ಹೇಳ್ತಿರೋದು ಪೋರ್ಚುಗೀಸಿನದು. ಅಲ್ಲಿ, ಬ್ರೆಜಿಲ್‌ನಲ್ಲಿ ಸಿಹಿಗೇ ಹಾಗಂತಾರೆ. ಸ್ಪೇನ್‌ನಲ್ಲಿ ಸಿಹಿಗೆ ಪೋಸ್ತ್ರೆ. ಸಿಹಿ ಮುಗಿದ ಮೇಲಿನ ಕೂರಾಟಕ್ಕೆ ಸೋಬ್ರೆಮೇಸಾ.

ಸುಬ್ಬು ಅವರಿಗೆ: ಗಡಿಯಾರ ನೋಡಿ ಲೆಕ್ಕ ಹಾಕಬೇಡಿ, ಸುತ್ತು ಲೆಕ್ಕ ಹಾಕಿ. ಪಯೇಯಾ ಅನ್ನೋ ಅಲ್ಲಿನ ಅಕ್ಕಿ ಅಡುಗೆ ಮಾಡ್ತಾರೆ ಅಂದ್ಕೊಂಡು ಭಾನುವಾರದ ಮನೆ ಊಟ ಹೇಗೆ ಸಾಗುತ್ತೆ ಅಂತ ಹೇಳ್ತೀನಿ.

ಎರಡು ಗಂಟೆಗೆ ಬನ್ನಿ ಅಂದ್ರೆ ಎರಡಕ್ಕೋ ಎರಡೂ ಹತ್ತಕ್ಕೋ ಬಾಗಿಲಲ್ಲಿ ಇರಿ. ಅದಕ್ಕಿಂತ ತಡ ಮಾಡಬೇಡಿ. ಅಕ್ಕಿ ಬಾಣಲೆಗೆ ಬಿದ್ದ ಮೇಲೆ ಹದಿನೆಂಟು ಇಪ್ಪತ್ತು ನಿಮಿಷಕ್ಕೆ ಬೆಂದುಬಿಡುತ್ತೆ, ಐದು ನಿಮಿಷ ಹಾಗೇ ಬಿಟ್ಟು ತಕ್ಷಣ ತಿನ್ನಬೇಕು. ಕಾಯಿಸಿದ್ರೆ ಮುದ್ದೆಯಾಗುತ್ತೆ. ಅದಕ್ಕೇ ಎಲ್ಲರೂ ಬಂದು ಸೇರಿದ ಮೇಲೇ ಅಕ್ಕಿ ಹಾಕೋದು. ಅಲ್ಲಿತನಕ ಆಲಿವ್, ಹುರಿದ ಕಡ್ಲೆಕಾಯಿ, ಚಿಪ್ಸು, ಅಡುಗೆಮನೆ ಸುತ್ತ ನಿಂತ್ಕೊಂಡು ಮಾತು. ಇದು ಊಟಕ್ಕೆ ಮುಂಚಿನದು, ಸೋಬ್ರೆಮೇಸಾಕ್ಕೆ ಸೇರಲ್ಲ.

ಮೂರರ ಹೊತ್ತಿಗೆ ಎಲ್ಲರೂ ಮೇಜಿಗೆ. ಮೂರೂ ಮುಕ್ಕಾಲಿಗೆ ಬಾಣಲೆ ಖಾಲಿ. ತಟ್ಟೆ ಎತ್ತಿ ಹಣ್ಣು ಇಡ್ತಾರೆ, ಬೇಸಿಗೆಯಾದ್ರೆ ಕಲ್ಲಂಗಡಿ ಅಥವಾ ಕರಬೂಜ, ಚಳಿಗಾಲವಾದ್ರೆ ಕಿತ್ತಳೆ. ನಾವು ಎಡವೋದು ಇಲ್ಲೇ. ಹಣ್ಣು ಮುಗಿದದ್ದೇ ಊಟ ಮುಗೀತು ಅಂತ ಕೈ ತೊಳೆಯೋಕೆ ಎದ್ದುಬಿಡ್ತೀವಿ. ಅವರ ಲೆಕ್ಕದಲ್ಲಿ ಈಗ ಮುಗಿದಿರೋದು ತಿನ್ನೋ ಭಾಗ ಮಾತ್ರ.

ನಾಲ್ಕಕ್ಕೆ ಕಾಫಿ ಒಲೆ ಮೇಲೆ. ಇದು ಮೊದಲನೇ ಸುತ್ತು. ಅತಿಥಿಗಳು ತಂದ ಸಿಹಿತಿಂಡಿ ಈಗಲೇ ಬಿಚ್ಚೋದು. ನಾಲ್ಕೂವರೆ, ಐದಕ್ಕೆ ಕೋಪಾ, ಅಂದ್ರೆ ಮದ್ಯದ ಸುತ್ತು. ವಲೆನ್ಸಿಯಾ ಆದ್ದರಿಂದ ಮಿಸ್ತೇಲಾ ಅನ್ನೋ ಸಿಹಿ ದ್ರಾಕ್ಷಿ ಮದ್ಯ ಇರಬಹುದು, ಇಲ್ಲವೇ ಇನ್ನಾವುದಾದರೂ ಚಿಕ್ಕ ಲೋಟದಲ್ಲಿ ಕುಡಿಯೋದು. ಆಮೇಲೆ ಮಾತು, ಇಸ್ಪೀಟು, ಇನ್ನೊಂದು ಕಾಫಿ. ಆರು, ಆರೂವರೆಗೆ ಜನ ಏಳೋಕೆ ಶುರು.

ನಿಯಮ ಇಷ್ಟೇ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗೋ ಮುಂಚೆ ಎದ್ದರೆ ಯಾರೂ ಏನೂ ಅಂದ್ಕೊಳ್ಳಲ್ಲ. ಸುತ್ತಿನ ಮಧ್ಯೆ ಎದ್ದರೆ ಎಲ್ಲರಿಗೂ ಗೊತ್ತಾಗುತ್ತೆ. ಮೊದಲ ಕಾಫಿಗೂ ಮುಂಚೆ ಎದ್ದರೆ ಅದು ಊಟದ ಮಧ್ಯೆ ಎದ್ದ ಹಾಗೆ.

ಧಾರವಾಡ_ಫೇಡಾ
ಇದು ನಮ್ಮ ಪಂಕ್ತಿ ಊಟದ ಉಲ್ಟಾ ಆತಲ್ರೀ. ಪಂಕ್ತಿಯೊಳಗ ಎಲ್ಲಾರದೂ ಉಂಡು ಆಗೂತನಕ ಯಾರೂ ಏಳಂಗಿಲ್ಲ, ಆದ್ರ ಆದಕೂಡ್ಲೆ ಎಲ್ಲಾರೂ ಒಮ್ಮೆಗೇ ಏಳೂದು. ಇವ್ರು ಉಂಡು ಆದಮ್ಯಾಲೇ ಖರೇ ಕೂಡತಾರ.

ತುಂಗಾತೀರ
@ಬಿಸಿಬಿಸಿ_ಸುದ್ದಿ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಸಣ್ಣ ಊರುಗಳಲ್ಲಿ ಅಂಗಡಿಗಳು ಎರಡರಿಂದ ಐದರವರೆಗೆ ಬಾಗಿಲು ಹಾಕೋದು ನಿಜ. ಆದ್ರೆ ಕೆಲಸದ ದಿನ ಮೂರು ಗಂಟೆ ಮೇಜಿನಲ್ಲಿ ಕೂರೋರು ಯಾರೂ ಇಲ್ಲ. ಮ್ಯಾಡ್ರಿಡ್‌ನ ಆಫೀಸಿನವರು ಮಂಗಳವಾರ ಮೆನು ದೆಲ್ ದೀಯಾ ತಿನ್ನೋದನ್ನ ನೋಡಿ. ಅದು ಒಂದೇ ಬೆಲೆಗೆ ಮೊದಲ ಖಾದ್ಯ, ಎರಡನೇ ಖಾದ್ಯ, ಬ್ರೆಡ್ಡು, ಕುಡಿಯೋಕೆ ಒಂದು, ಕೊನೆಗೆ ಸಿಹಿ ಅಥವಾ ಕಾಫಿ ಸೇರಿದ ಊಟ. ಎರಡಕ್ಕೆ ಕೂತು ಮೂರೂ ಕಾಲಿಗೆ ಎದ್ದಿರ್ತಾರೆ. ಸೋಬ್ರೆಮೇಸಾ ಅನ್ನೋದು ಒಂದು ಕಾಫಿ ತಣ್ಣಗಾಗುವಷ್ಟು ಹೊತ್ತು. ಉದ್ದಕ್ಕೆ ಎಳೆಯೋದು ಭಾನುವಾರ, ಹಬ್ಬ, ಮದುವೆಗಳಲ್ಲಿ, ಆಮೇಲೆ ಶುಕ್ರವಾರ ಮಧ್ಯಾಹ್ನ ರಜಾ ಇರೋ ಆಫೀಸಿನವರ ಕೂಟಗಳಲ್ಲಿ.

ಮಧ್ಯಾಹ್ನ ಮಲಗೋದೂ ಅಷ್ಟೇ. ಸೋಬ್ರೆಮೇಸಾ ಮತ್ತು ಸಿಯೆಸ್ಟಾ ಒಂದನ್ನೊಂದು ತಿನ್ನುತ್ತವೆ. ಆರು ಗಂಟೆವರೆಗೆ ಮೇಜಿನಲ್ಲಿ ಕೂತವನಿಗೆ ಮಲಗೋಕೆ ಹೊತ್ತೆಲ್ಲಿ?

ಬಿಸಿಬಿಸಿ_ಸುದ್ದಿ
ಸರಿ ಸಾರ್. ಆದ್ರೆ ಎರಡು ಮೂರು ಗಂಟೆಗೆ ಊಟ ಅಂದ್ರೆ ಲೇಟೇ ತಾನೇ? ಅದು ಸೋಮಾರಿತನ ಅಲ್ಲದೆ ಇನ್ನೇನು?

ನಕ್ಷೆಗಾರ
ಗಡಿಯಾರ ಮುಂದಿದೆ ಅಷ್ಟೇ, ಊಟ ಹಿಂದಿಲ್ಲ. ಮ್ಯಾಡ್ರಿಡ್ ಇರೋದು ಗ್ರೀನಿಚ್‌ನಿಂದ ಪಶ್ಚಿಮಕ್ಕೆ, ಸುಮಾರು 3.7 ಡಿಗ್ರಿ. ನ್ಯಾಯವಾಗಿ ಲಂಡನ್ ಸಮಯ ಇರಬೇಕಿತ್ತು. 1940ರಲ್ಲಿ ಫ್ರಾಂಕೋ ಸರ್ಕಾರ ಗಡಿಯಾರವನ್ನ ಬರ್ಲಿನ್ ಸಮಯಕ್ಕೆ ಹೊಂದಿಸಿತು, ಆಮೇಲೆ ಹಿಂದಕ್ಕೆ ತಿರುಗಿಸಲೇ ಇಲ್ಲ. ಹಾಗಾಗಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ನೆತ್ತಿಗೆ ಬರೋದು ಚಳಿಗಾಲದಲ್ಲಿ ಒಂದೂ ಕಾಲಿನ ಸುಮಾರಿಗೆ, ಬೇಸಿಗೆಯಲ್ಲಿ ಎರಡೂ ಕಾಲಿಗೆ. ಬೇಸಿಗೆಯಲ್ಲಿ ಎರಡೂವರೆಗೆ ಉಣ್ಣೋನು ಸೂರ್ಯನ ಲೆಕ್ಕದಲ್ಲಿ ಹನ್ನೆರಡೂ ಕಾಲಿಗೆ ಉಣ್ತಿದ್ದಾನೆ. ನಮ್ಮ ಹಳ್ಳಿ ಕಡೆ ಉಣ್ಣೋ ಹೊತ್ತಿಗಿಂತ ಬೇಗನೇ ಆಯ್ತು.

ಧಾರವಾಡ_ಫೇಡಾ
ಇದು ಗೊತ್ತಿರಲಿಲ್ಲ ನೋಡ್ರಿ 👌

ಗಲ್ಲಾಪೆಟ್ಟಿಗೆ_ಮೈಸೂರು
ನನ್ನ ಪ್ರಶ್ನೆ ಬೇರೆ. ನಮ್ಮದು ಮೈಸೂರಲ್ಲಿ ನಲವತ್ತು ಸೀಟಿನ ಹೋಟೆಲ್. ಊಟದ ಹೊತ್ತಲ್ಲಿ ಒಂದು ಟೇಬಲ್ಲು ನಾಲ್ಕೈದು ಸಲ ತಿರುಗಿದ್ರೆ ಮಾತ್ರ ಬಾಡಿಗೆ ಹೊರಡುತ್ತೆ. ತಿಂದಾದ ಮೇಲೆ ಎರಡು ಗಂಟೆ ಹರಟೆ ಹೊಡೆದ್ರೆ ಅಲ್ಲಿನ ಹೋಟೆಲಿನವರು ಬದುಕೋದು ಹೇಗೆ? ನಮ್ಮಲ್ಲಿ ಕಾಫಿ ಲೋಟ ಕೆಳಗಿಟ್ಟ ತಕ್ಷಣ ಬಿಲ್ಲು ಇಡ್ತೀವಿ, ಯಾರೂ ಬೇಜಾರು ಮಾಡ್ಕೊಂಡಿಲ್ಲ.

ಸಾಗರದ_ಸುಬ್ಬು
ಸಾರ್, ನಾನು ಕೇಳಿದ್ದು ಮನೆ ಊಟದ್ದು 🙂 ಆದ್ರೂ ಇದೂ ಬೇಕು, ವಾರದ ದಿನ ಹೋಟೆಲಲ್ಲೇ ಅಲ್ವಾ.

ಬಾರ್ಸಿಲೋನಾ_ಬಾಣಸಿಗ
ಗಲ್ಲಾಪೆಟ್ಟಿಗೆ ಅವರೇ, ಸ್ಪೇನ್‌ನಲ್ಲಿ ಕೇಳದೆ ಬಿಲ್ಲು ಇಟ್ಟರೆ ಎದ್ದು ಹೋಗಿ ಅಂದ ಹಾಗೆ. ಗಿರಾಕಿ ಲಾ ಕ್ವೆಂತಾ ಅಂತ ಕೇಳಬೇಕು, ಇಲ್ಲವೇ ಗಾಳಿಯಲ್ಲಿ ಬರೆದ ಹಾಗೆ ಕೈ ಮಾಡಿ ತೋರಿಸಬೇಕು. ಎಷ್ಟೋ ಪ್ರವಾಸಿಗರು ಬಿಲ್ಲು ಬರುತ್ತೆ ಅಂತ ಕಾದು ಕೂರ್ತಾರೆ. ಸರ್ವರ್ ಇವರಿನ್ನೂ ಮಾತಾಡ್ತಿದ್ದಾರೆ ಅಂತ ಬಿಡ್ತಾನೆ. ಅರ್ಧ ಗಂಟೆ ಆದ ಮೇಲೆ ಸರ್ವಿಸ್ ಸರಿ ಇಲ್ಲ ಅಂತ ಪ್ರವಾಸಿಗರು ಬೈಕೊಳ್ತಾರೆ.

ಲೆಕ್ಕ ಹೇಳ್ತೀನಿ, ಉದಾಹರಣೆಗೆ ಅಂತ ಇಟ್ಕೊಳ್ಳಿ. ನಾಲ್ಕು ಜನ ಹದಿನಾಲ್ಕು ಯೂರೋದ ಮೆನು ತಿಂದ್ರೆ 56 ಆಯ್ತು. ಸಿಹಿ ತಗೊಂಡವರಿಗೆ ಕಾಫಿ ಬೇರೆ ದುಡ್ಡು. ಮೂರು ಕಾಫಿ, ಎರಡು ಕೋಪಾ ಹೋದ್ರೆ ಇನ್ನೊಂದು ಹದಿನೈದು ಹದಿನಾರು ಯೂರೋ. ಊಟದಲ್ಲಿ ಸಾಮಾನು, ಅಡುಗೆಯವರ ಸಂಬಳ, ಗ್ಯಾಸು ಎಲ್ಲ ಹೋಗಿ ಉಳಿಯೋದು ಕಡಿಮೆ. ಕಾಫಿ, ಕೋಪಾದಲ್ಲಿ ಅಡುಗೆಮನೆ ಖರ್ಚೇ ಇಲ್ಲ. ಜೊತೆಗೆ ನಾಲ್ಕು ಗಂಟೆಗೆ ಅಡುಗೆಮನೆ ಮುಚ್ಚಿರುತ್ತೆ, ಹೊಸ ಗಿರಾಕಿ ಬರೋ ಹೊತ್ತೂ ಅಲ್ಲ, ರಾತ್ರಿ ಊಟ ಶುರುವಾಗೋದು ಎಂಟೂವರೆ ಒಂಬತ್ತಕ್ಕೆ. ಖಾಲಿ ಇರೋ ಟೇಬಲ್ಲಿಗಿಂತ ಕಾಫಿ ಕುಡಿಯೋ ಟೇಬಲ್ಲು ವಾಸಿ. ಇದು ನಡೆಯೋದು ಮಧ್ಯಾಹ್ನಕ್ಕೆ ಒಂದೇ ಸರದಿ ಇರೋ ಕಡೆ ಮಾತ್ರ.

ಗಿರಾಕಿ ಕ್ಯೂ ನಿಂತಿರೋ ಕಡೆ ಈ ಲೆಕ್ಕ ಉಲ್ಟಾ. ಮ್ಯಾಡ್ರಿಡ್, ಬಾರ್ಸಿಲೋನಾದ ಬಿಡುವಿಲ್ಲದ ಜಾಗಗಳಲ್ಲಿ ಎರಡು ಸರದಿ ಮಾಡ್ತಾರೆ, ಒಂದೂವರೆಗೆ ಒಂದು, ಮೂರೂವರೆಗೆ ಇನ್ನೊಂದು. ಬುಕ್ ಮಾಡುವಾಗಲೇ ಟೇಬಲ್ಲು ಇಷ್ಟು ಗಂಟೆಗೆ ಬಿಡಬೇಕು ಅಂತ ಬರೆದಿರ್ತಾರೆ. ಸೋಬ್ರೆಮೇಸಾ ಬೇಕಿದ್ರೆ ಯಾವಾಗಲೂ ಎರಡನೇ ಸರದಿ ಬುಕ್ ಮಾಡಿ, ಹಿಂದಿನಿಂದ ತಳ್ಳೋರು ಇರಲ್ಲ.

ಗಲ್ಲಾಪೆಟ್ಟಿಗೆ_ಮೈಸೂರು
ಅಂದ್ರೆ ಎರಡನೇ ಸರದಿ ಬಂದ ಕಡೆ ಈ ಸಂಪ್ರದಾಯ ಹೋಯ್ತು ಅಂತ ಆಯ್ತಲ್ಲ. ನಾನು ಹೇಳಿದ್ದೂ ಅದೇ.

ಬಾರ್ಸಿಲೋನಾ_ಬಾಣಸಿಗ
ಹೋಗಿಲ್ಲ, ಜಾಗ ಬದಲಾಗಿದೆ. ಒಂದು ಕಡೆ ಉಂಡು, ಪಕ್ಕದ ಬೀದಿಯ ಬಾರಿನ ಹೊರಗಡೆ ಮೇಜಿಗೆ ಹೋಗಿ ಕಾಫಿ, ಕೋಪಾ. ಅಸಲಿಗೆ ಮೊದಲ ಪೆಟ್ಟು ಬಿದ್ದಿದ್ದು ಸಿಗರೇಟಿನಿಂದ. ಮೊದಲು ಕಾಫಿ, ಕೋಪಾ, ಚುಟ್ಟಾ ಮೂರೂ ಒಂದೇ ಉಸಿರಿನಲ್ಲಿ ಹೇಳ್ತಿದ್ರು. 2011ರ ಜನವರಿ 2ರಿಂದ ಹೋಟೆಲ್ ಒಳಗಡೆ ಸೇದೋದು ಪೂರ್ತಿ ನಿಷೇಧ ಆಯ್ತು. ಸೇದೋರು ಹೊರಗೆ ಹೋದ್ರು, ಅವರ ಹಿಂದೆ ಮಾತೂ ಹೊರಗೆ ಹೋಯ್ತು.

ತುಂಗಾತೀರ
ಅದರಲ್ಲಿ ಒಳ್ಳೇದೇ ಆಯ್ತು ಅನ್ನೋದು ನನ್ನ ಅಭಿಪ್ರಾಯ. ಹೊರಗಡೆ ಮೇಜಿನಲ್ಲಿ ಎದ್ದು ಹೋಗೋದೂ ಸುಲಭ.

ಹೋಟೆಲಲ್ಲಿ ಇನ್ನೊಂದು ಆಗುತ್ತೆ. ಸರ್ವರ್ ಬಂದು ದುಡ್ಡು ತಗೊಂಡುಬಿಡ್ಲಾ, ನನ್ನ ಡ್ಯೂಟಿ ಮುಗೀತು ಅಂತ ಕೇಳ್ತಾನೆ. ಅದು ಎಬ್ಬಿಸೋ ಮಾತಲ್ಲ. ಕೊಟ್ಟು, ಆಮೇಲೂ ಕೂರಬಹುದು. ಅಕ್ಕಪಕ್ಕದ ಮೇಜುಗಳ ಮೇಲೆ ಕುರ್ಚಿ ಮಗುಚಿ ಇಡೋಕೆ ಶುರು ಮಾಡಿದ್ರೆ ಮಾತ್ರ ಏಳಿ.

ಕುಡ್ಲದ_ಕಡಲು
ಕುಡಿಯದವರು ಏನು ಮಾಡುವುದು ಮಾರಾಯ್ರೆ, ಅದನ್ನು ಯಾರೂ ಹೇಳಲೇ ಇಲ್ಲ. ಖಾಲಿ ಕೈಯಲ್ಲಿ ಕೂತರೆ ಬೀಳ್ಕೊಡುಗೆ ಕೇಳುವ ಹಾಗೆ ಕಾಣುತ್ತದೆ.

ತುಂಗಾತೀರ
ಸರಿಯಾದ ಮಾತು. ಮುಂದೆ ಒಂದು ಲೋಟ ಇದ್ದರೆ ಸಾಕು, ಅದರಲ್ಲಿ ಏನಿದೆ ಅಂತ ಯಾರೂ ನೋಡಲ್ಲ. ಎರಡನೇ ಸುತ್ತಿಗೆ ಪೊಲೆಯೋ ಮೆಂತಾ ಅಂತ ಕೇಳಿ, ಪುದೀನ ಜಾತಿಯ ಎಲೆ ಕುದಿಸಿದ ನೀರು, ಉಂಡಾದ ಮೇಲೆ ಹೊಟ್ಟೆಗೆ ಹಿತ. ಇನ್ನೊಂದು ಮಾಂಸಾನಿಯಾ, ಅಂದ್ರೆ ಕ್ಯಾಮೊಮೈಲ್ ಹೂವಿನದು. ಆದ್ರೆ ಅದನ್ನ ಬಾರಲ್ಲಿ ಬರೀ ಮಾಂಸಾನಿಯಾ ಅಂತ ಕೇಳಬೇಡಿ, ವಿಶೇಷವಾಗಿ ದಕ್ಷಿಣದಲ್ಲಿ. ಸಾನ್‌ಲೂಕರ್ ಕಡೆ ಅದೇ ಹೆಸರಿನ ಶೆರ್ರಿ ವೈನ್ ಇದೆ. ಇನ್‌ಫುಸಿಯೋನ್ ಅನ್ನೋ ಪದ ಮುಂದೆ ಸೇರಿಸಿದ್ರೆ ಗೊಂದಲ ಇಲ್ಲ.

ಕಾಫಿಯಲ್ಲೂ ಒಂದು ವಿಷಯ. ಉಂಡಾದ ಮೇಲೆ ದೊಡ್ಡ ಲೋಟದ ಹಾಲು ಕಾಫಿ ಕುಡಿಯೋರು ಕಡಿಮೆ, ಅದು ಬೆಳಗಿನ ತಿಂಡಿಯದು. ಕೊರ್ತಾದೊ ಕೇಳಿ, ಚಿಕ್ಕ ಲೋಟದಲ್ಲಿ ಡಿಕಾಕ್ಷನ್‌ಗೆ ಸ್ವಲ್ಪ ಹಾಲು. ಹಾಲು ಕಾಫಿನೇ ಬೇಕು ಅಂದ್ರೂ ಯಾರೂ ತಪ್ಪು ತಿಳಿಯಲ್ಲ. ರಾತ್ರಿ ನಿದ್ದೆಯ ಚಿಂತೆ ಇದ್ದರೆ ಕೆಫೀನ್ ತೆಗೆದದ್ದು ಸಿಗುತ್ತೆ. ಯಂತ್ರದಲ್ಲಿ ಮಾಡಿದ್ದೇ ಬೇಕು ಅನ್ನೋಕೆ ದೆ ಮಾಕಿನಾ ಅಂತ ಸೇರಿಸಿ. ಸೇರಿಸದಿದ್ರೆ ಕೆಲವು ಕಡೆ ಬಿಸಿ ಹಾಲು, ಜೊತೆಗೊಂದು ಪುಡಿ ಪೊಟ್ಟಣ ತಂದಿಡ್ತಾರೆ.

ಕಾಫಿಬೀಜ_ಚಿಕ್ಕಮಗಳೂರು
ಸ್ಪೇನ್ ಮನೆಗಳ ಕಾಫಿ ಬಗ್ಗೆ ಒಂದು ಮಾತು. ಅಂಗಡಿ ಪೊಟ್ಟಣದ ಮೇಲೆ ಮೆಸ್ಕ್ಲಾ ಅಂತ ಇದ್ದರೆ ಅದರಲ್ಲಿ ತೊರ್ರೆಫಾಕ್ತೊ ಸೇರಿದೆ ಅಂತ ಅರ್ಥ. ಬೀಜ ಹುರಿಯುವಾಗ ಕೊನೆಗೆ ಸಕ್ಕರೆ ಹಾಕ್ತಾರೆ, ಅದು ಕರಗಿ ಸುಟ್ಟು ಬೀಜಕ್ಕೆ ಕರ್ರಗೆ ಹೊಳೆಯೋ ಕವಚ ಆಗುತ್ತೆ. ಡಿಕಾಕ್ಷನ್ ಕಪ್ಪಗೆ ಗಟ್ಟಿಯಾಗಿ ಕಾಣುತ್ತೆ, ಬಾಯಿಗೆ ಸುಟ್ಟ ಕಹಿ. ಚಿಕೋರಿ ಕಾಫಿಗೆ ಹೊಂದಿಕೊಂಡ ನಾಲಿಗೆಗೆ ಕಪ್ಪು ಬಣ್ಣ ನೋಡಿ ನಮ್ಮದೇ ಅನ್ನಿಸಬಹುದು, ಕುಡಿದ್ರೆ ಅಲ್ಲ. ಮಕ್ಕಳ ಕೈಲಿ ಪುಡಿ ತರಿಸೋರು ನಾತುರಾಲ್ ಅಂತ ಬರೆದಿರೋದನ್ನ ತರಿಸಿ.

ಧಾರವಾಡ_ಫೇಡಾ
ಒಲಿ ಮ್ಯಾಲೆ ಅಂದ್ರಲ್ಲ, ಫಿಲ್ಟರ್ ಏನ್ ಅಲ್ಲೆ?

ಕಾಫಿಬೀಜ_ಚಿಕ್ಕಮಗಳೂರು
ಅಲ್ಲ. ಮೋಕಾ ಪಾತ್ರೆ. ಕೆಳಗಿನ ಅಂಕಣದಲ್ಲಿ ನೀರು, ಮಧ್ಯೆ ಪುಡಿ, ಆವಿ ಒತ್ತಡಕ್ಕೆ ನೀರು ಮೇಲೇರಿ ಮೇಲಿನ ಅಂಕಣದಲ್ಲಿ ಡಿಕಾಕ್ಷನ್. ನೀರು ಪಕ್ಕದ ಕವಾಟಕ್ಕಿಂತ ಕೆಳಗಿರಬೇಕು. ಪುಡಿಯನ್ನ ನಮ್ಮ ಫಿಲ್ಟರ್‌ನಲ್ಲಿ ಒತ್ತೋ ಹಾಗೆ ಒತ್ತಬಾರದು, ಒತ್ತಿದ್ರೆ ನೀರು ಏರೋಕೆ ಒದ್ದಾಡಿ ಪಕ್ಕದಿಂದ ಆವಿ ಬಿಡುತ್ತೆ. ಉರಿ ಸಣ್ಣ. ಗೊರಗೊರ ಶಬ್ದ ಶುರುವಾದದ್ದೇ ಇಳಿಸಬೇಕು, ಆಮೇಲೆ ಬರೋದೆಲ್ಲ ಬರೀ ಕಹಿ.

ಇದಕ್ಕೂ ನಿಮ್ಮ ಸುತ್ತಿನ ಲೆಕ್ಕಕ್ಕೂ ಸಂಬಂಧ ಇದೆ. ಆರು ಕಪ್ಪಿನ ಮೋಕಾದಲ್ಲಿ ಬರೋದು 300 ಮಿಲೀ ಒಳಗೆ, ಅಂದ್ರೆ ಆರು ಪುಟ್ಟ ಕಪ್ಪು. ಮೇಜಿನಲ್ಲಿ ಎಂಟು ಜನ ಇದ್ದರೆ ಎರಡನೇ ಸಲ ಇಡಲೇಬೇಕು. ಬಿಸಿ ಪಾತ್ರೆಯನ್ನ ನೀರಲ್ಲಿ ತಣ್ಣಗೆ ಮಾಡಿ, ಪುಡಿ ಉದುರಿಸಿ, ತೊಳೆದು, ಮತ್ತೆ ಕಾಯಿಸೋ ಹೊತ್ತಿಗೆ ಹದಿನೈದು ನಿಮಿಷ. ಮೊದಲು ಕುಡಿದವರು ಎರಡನೇದಕ್ಕೆ ಲೋಟ ಚಾಚೋಕೆ ಅಷ್ಟೇ ಸಾಕು.

ಶಿರಸಿ_ಅಪ್ಪೆಮಿಡಿ
ಇದೆಲ್ಲ ಕೇಳಿ ನಗು ಬರ್ತಿದೆ. ನಮ್ಮ ಕಡೆ ಊಟ ಆಗಿದ್ದೇ ಜಗಲಿಗೆ ಬಂದು ಕವಳದ ಬಟ್ಟಲು ಎಳ್ಕೊಂಡು ಕೂರೋದು ಏನು ಮತ್ತೆ? ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ, ಒಂದು ಕವಳ ಹಾಕಿ, ಅಡಿಕೆ ರೇಟಿನಿಂದ ಶುರುವಾದ ಮಾತು ಸಂಜೆ ಚಾ ಆಗೋತನಕ. ಸೋಬ್ರೆಮೇಸಾ ಅಂತ ಹೆಸರಿಟ್ಟ ಮಾತ್ರಕ್ಕೆ ಅವರದೇ ಆಯ್ತಾ?

ತುಂಗಾತೀರ
ಮಾತು ಒಂದೇ, ಜಾಗ ಬೇರೆ. ವ್ಯತ್ಯಾಸ ಅಲ್ಲೇ ಇರೋದು. ನಮ್ಮಲ್ಲಿ ಉಂಡ ಎಲೆ ಎಂಜಲು, ಅದರ ಮುಂದೆ ಕೂರೋ ಹಾಗಿಲ್ಲ, ಕೈ ಒಣಗೋ ತನಕ ಕೂತರೆ ಅಜ್ಜಿ ಬೈತಾರೆ. ಎದ್ದು ಕೈ ತೊಳೆದು ಜಗಲಿಗೆ ಬರುವಾಗ ಗುಂಪು ಒಡೆಯುತ್ತೆ. ಅಡುಗೆ ಮಾಡಿ ಬಡಿಸಿದ ಹೆಂಗಸರ ಊಟ ಆಗ ಶುರುವಾಗಿರುತ್ತೆ, ಅವರು ಜಗಲಿಯ ಮಾತಿಗೆ ಬರೋದೇ ಇಲ್ಲ. ಸೋಬ್ರೆಮೇಸಾದಲ್ಲಿ ಉಂಡ ಮೇಜು, ಉಂಡ ಕುರ್ಚಿ, ಉಂಡ ಜನ ಮೂರೂ ಹಾಗೇ ಇರ್ತವೆ. ಮಕ್ಕಳು ಮಾತ್ರ ಆಟಕ್ಕೆ ಎದ್ದು ಹೋಗ್ತಾರೆ.

ಮಂಡ್ಯದ_ಮಂಜುಳಾ
ಹೆಂಗಸರ ವಿಷಯ ಅಷ್ಟು ಸಲೀಸಾಗಿ ದಾಟಿಸಬೇಡಿ. ಆ ಎರಡನೇ ಕಾಫಿ ಪಾತ್ರೆ ತೊಳೆದು ಇಡೋರು ಯಾರು? ಅಲ್ಲೂ ಮನೆಯಾಕೆನೇ ಎದ್ದು ಎದ್ದು ಹೋಗ್ತಿರ್ತಾಳೆ. ಉಳಿದವರದು ಮಾತ್ರ ಸೋಬ್ರೆಮೇಸಾ.

ತುಂಗಾತೀರ
ಹಳೇ ತಲೆಮಾರಿನ ಮನೆಗಳಲ್ಲಿ ಹಾಗೇ ಇದೆ, ಇಲ್ಲ ಅನ್ನಲ್ಲ. ಅತಿಥಿಗೆ ಅದರಿಂದ ಒಂದು ಪಾಠ ಇದೆ. ತಟ್ಟೆ ಎತ್ತುವಾಗ ಒಂದು ಸಲ ಎದ್ದು ಅಡುಗೆಮನೆ ತನಕ ತಲುಪಿಸಿ. ಮೇಜುಬಟ್ಟೆ ತೆಗೆಯಲ್ಲ, ಬ್ರೆಡ್ಡಿನ ಚೂರು ಮಾತ್ರ ಗುಡಿಸ್ತಾರೆ, ನೀರಿನ ಲೋಟಗಳು ಹಾಗೇ ಇರ್ತವೆ. ಆಮೇಲೆ ಬಂದು ಕೂತುಬಿಡಿ. ಪಾತ್ರೆ ತೊಳೆಯೋಕೆ ನಿಂತರೆ ಮನೆಯವರೂ ಸಂಕೋಚದಿಂದ ನಿಮ್ಮ ಜೊತೆ ನಿಲ್ತಾರೆ, ಮೇಜು ಅಲ್ಲಿಗೆ ಮುಗೀತು. ಸಿಂಕಿನಲ್ಲಿ ಪಾತ್ರೆ ಸಂಜೆವರೆಗೆ ಬಿದ್ದಿರೋದು ಅಲ್ಲಿ ಸಾಮಾನ್ಯ.

ಮಂಡ್ಯದ_ಮಂಜುಳಾ
ಸಂಜೆ ತೊಳೆಯೋರು ಯಾರು ಅನ್ನೋದು ನನ್ನ ಪ್ರಶ್ನೆ. ಇರಲಿ ಬಿಡಿ.

ಆಟದ_ಅಂಗಳ
ಇಸ್ಪೀಟು ಅಂದ್ರಲ್ಲ, ಯಾವ ಆಟ? ರಮ್ಮಿನಾ?

ಬಾಸ್ಕ್_ಬಳ್ಳಿ
ಉತ್ತರದ ಬಾಸ್ಕ್ ಕಡೆಯಾದ್ರೆ ಮೂಸ್. 40 ಎಲೆಗಳ ಸ್ಪ್ಯಾನಿಷ್ ಕಟ್ಟು, ನಾಲ್ಕು ಜನ, ಎದುರುಬದುರು ಕೂತವರು ಜೋಡಿ. ವಿಶೇಷ ಏನಂದ್ರೆ ಜೊತೆಗಾರನಿಗೆ ಮುಖದಲ್ಲಿ ಸನ್ನೆ ಮಾಡೋದು ನಿಯಮದ ಒಳಗೇ ಇದೆ, ಯಾವ ಎಲೆಗೆ ಯಾವ ಸನ್ನೆ ಅಂತ ಗೊತ್ತುಪಡಿಸಿರ್ತಾರೆ. ತುಟಿ ಕಚ್ಚಿದ್ರೆ ಒಂದು, ನಾಲಿಗೆ ತುದಿ ತೋರಿಸಿದ್ರೆ ಇನ್ನೊಂದು. ಸುಳ್ಳು ಸನ್ನೆ ಮಾತ್ರ ಮಾಡೋ ಹಾಗಿಲ್ಲ. ಎದುರಾಳಿ ಕಣ್ಣಿಗೆ ಬೀಳದ ಹಾಗೆ ಮಾಡೋದೇ ಕಲೆ.

ಅಲ್ಲಿ ಮನೆಗಿಂತ ಸೊಸೈಟಿ ಅನ್ನೋ ಅಡುಗೆ ಕ್ಲಬ್ಬುಗಳಲ್ಲಿ ಇದು ಜೋರು. ಸಾನ್ ಸೆಬಾಸ್ಟಿಯನ್‌ನಲ್ಲಿ 1870ರಲ್ಲಿ ಶುರುವಾದ ಊನಿಯೋನ್ ಆರ್ತೆಸಾನಾ ಹಳೇದು. ಸದಸ್ಯರೇ ಬಂದು ಅಡುಗೆ ಮಾಡಿ, ಉಂಡು, ಬಳಸಿದ ವೈನು, ಎಣ್ಣೆ, ಕಾಫಿ ಎಲ್ಲ ತಾವೇ ಚೀಟಿಯಲ್ಲಿ ಬರೆದು ದುಡ್ಡು ಹಾಕಿ ಹೋಗೋದು. ಸರ್ವರೂ ಇಲ್ಲ, ಬಿಲ್ಲೂ ಇಲ್ಲ, ಎಬ್ಬಿಸೋರೂ ಇಲ್ಲ. ಬಹಳ ಕಾಲ ಗಂಡಸರಿಗೆ ಮಾತ್ರ ಪ್ರವೇಶ ಇತ್ತು, ಮಂಜುಳಾ ಅವರ ಮಾತಿಗೆ ಇದೂ ಸೇರಿಸ್ಕೊಳ್ಳಿ.

ಆಟದ_ಅಂಗಳ
ಸನ್ನೆ ನಿಯಮದಲ್ಲೇ ಇದೆಯಾ 😂 ನಮ್ಮೂರಲ್ಲಿ ಇದಕ್ಕೇ ಜಗಳ ಆಗಿ ಪಂಚಾಯ್ತಿ ಆಗೋದು.

ಸಾಗರದ_ಸುಬ್ಬು
ಸುತ್ತಿನ ಲೆಕ್ಕ ಅರ್ಥ ಆಯ್ತು. ಆರೂವರೆಗೆ ಕಾಲ್ ಇದೆ ಅಂದ್ರೆ ಯಾವಾಗ, ಹೇಗೆ ಹೊರಡೋದು? ಹೊರಡ್ತೀನಿ ಅಂತ ನೇರ ಹೇಳಬಹುದಾ? ಇನ್ನೊಂದು, ಏನು ತಗೊಂಡು ಹೋಗಲಿ?

ತುಂಗಾತೀರ
ಬಂದ ತಕ್ಷಣವೇ ಆರಕ್ಕೆ ಹೊರಡಬೇಕು ಅಂತ ಒಂದು ಮಾತು ಹಾಕಿಡಿ. ಆಗ ಕೋಪಾ ಸುತ್ತಿನ ಕೊನೆಗೆ ನೀವು ಎದ್ದರೆ ಅವರಿಗೆ ಅನಿರೀಕ್ಷಿತ ಅಲ್ಲ. ಏಳೋ ಮೊದಲು ತೊಡೆ ತಟ್ಟಿಕೊಂಡು ಬ್ವೆನೋ ಅನ್ನಿ, ಎಲ್ಲರೂ ಹಾಗೇ ಮಾಡೋದು. ಆದ್ರೆ ಅದು ಹೊರಟೆ ಅಂತಲ್ಲ, ಹೊರಡೋ ಮಾತು ಶುರು ಅಂತ. ಅಲ್ಲಿಂದ ಬಾಗಿಲು ದಾಟೋಕೆ ಇಪ್ಪತ್ತು ನಿಮಿಷ ಬೇಕು, ಬಾಗಿಲಲ್ಲೇ ಇನ್ನೊಂದು ಸುತ್ತು ಮಾತಾಗುತ್ತೆ. ಆರೂವರೆಗೆ ಹೋಟೆಲ್ ರೂಮಲ್ಲಿ ಇರಬೇಕು ಅಂದ್ರೆ ದಾರಿಯ ಅರ್ಧ ಗಂಟೆ ಕಳೆದು ಐದೂವರೆಗೇ ಬ್ವೆನೋ ಅನ್ನಿ.

ಕುಡ್ಲದ_ಕಡಲು
ವಿಡಿಯೊ ಕಾಲಿಗೆ ಹೆದರಿ ಓಡುವುದು ಎಂತಕ್ಕೆ? ಭಾರತದಲ್ಲಿ ಆಗ ರಾತ್ರಿ ಹತ್ತು ದಾಟಿರ್ತದೆ, ಮನೆಯವರು ಮಲಗುವ ಹೊತ್ತು. ಮೊದಲೇ ಬೆಳಿಗ್ಗೆಗೆ ಹಾಕಿಸಿ ಮಾರಾಯ್ರೆ.

ಸಾಗರದ_ಸುಬ್ಬು
ಅಯ್ಯೋ ಹೌದಲ್ಲ, ಅಮ್ಮನಿಗೆ ಹೇಳ್ತೀನಿ.

ಬಾರ್ಸಿಲೋನಾ_ಬಾಣಸಿಗ
ತಗೊಂಡು ಹೋಗೋದಕ್ಕೆ ಬರ್ತೀನಿ. ಬೇಕರಿಯಿಂದ ಒಂದು ಟ್ರೇ ಸಿಹಿತಿಂಡಿ ವಾಡಿಕೆ. ಎಂಟು ಜನಕ್ಕೆ ಪುಟ್ಟ ಪುಟ್ಟವು ಅರ್ಧ ಕೇಜಿಯಿಂದ ಮುಕ್ಕಾಲು ಕೇಜಿ. ಭಾನುವಾರ ಬೇಕರಿಗಳು ಮಧ್ಯಾಹ್ನ ಎರಡಕ್ಕೆಲ್ಲ ಮುಚ್ಚಿಬಿಡ್ತವೆ, ಒಂದಕ್ಕೇ ಕೊಂಡುಬಿಡಿ. ಧಾರವಾಡ ಪೇಡಾನೋ ಮೈಸೂರು ಪಾಕೋ ಒಯ್ದರೆ ಇನ್ನೂ ಒಳ್ಳೇದು, ಕಾಫಿ ಸುತ್ತಿಗೆ ಹೇಳಿ ಮಾಡಿಸಿದ ಹಾಗಿರುತ್ತೆ, ಜೊತೆಗೆ ಮಾತಿಗೂ ಒಂದು ವಿಷಯ. ಅವರಿಗೆ ಸಿಹಿ ಹೆಚ್ಚು ಅನ್ನಿಸಬಹುದು, ಚಿಕ್ಕದಾಗಿ ಕತ್ತರಿಸಿ ಇಡಿ.

ಧಾರವಾಡ_ಫೇಡಾ
ಫೇಡಾ ಅನ್ರಿ, ಪೇಡಾ ಅಲ್ಲ 😤

ಬಾರ್ಸಿಲೋನಾ_ಬಾಣಸಿಗ
ಆಯ್ತು ಸರ, ಫೇಡಾ.

ಸಸ್ಯಾಹಾರದ್ದು ಮುಖ್ಯ. ಪಯೇಯಾ ಎಲ್ಲರಿಗೂ ಒಂದೇ ಬಾಣಲೆಯಲ್ಲಿ ಆಗೋದು. ವಲೆನ್ಸಿಯಾದ್ದರಲ್ಲಿ ಕೋಳಿ, ಮೊಲ ಹಾಕಿ ಅದರ ರಸದಲ್ಲೇ ಅಕ್ಕಿ ಬೇಯಿಸ್ತಾರೆ, ಡಬಲ್ ಬೀನ್ಸು, ಚಪ್ಪಟೆ ಹುರುಳಿಕಾಯಿ ಇರುತ್ತೆ ನಿಜ, ಆದ್ರೆ ಮಾಂಸ ಪಕ್ಕಕ್ಕೆ ಸರಿಸಿ ತಿಂದ್ರೆ ಸಸ್ಯಾಹಾರ ಆಗಲ್ಲ. ಗುರುವಾರವೇ ಹೇಳಿಬಿಡಿ. ಸಸ್ಯಾಹಾರಿ ಅಂತ ಮಾತ್ರ ಹೇಳಿದ್ರೆ ಟ್ಯೂನಾ ಮೀನು ಹಾಕಿದ ಸಲಾಡ್ ಬರೋ ಸಾಧ್ಯತೆ ಇದೆ. ಮಾಂಸ ಬೇಡ, ಮೀನು ಬೇಡ, ಹಾಮೋನ್ ಅನ್ನೋ ಹಂದಿ ತೊಡೆ ಮಾಂಸ ಬೇಡ, ಮಾಂಸದ ರಸವೂ ಬೇಡ ಅಂತ ನಾಲ್ಕನ್ನೂ ಬಿಡಿಸಿ ಹೇಳಿ.

ಕುಡ್ಲದ_ಕಡಲು
ಕಾಫಿ ಸುತ್ತಿನಲ್ಲಿ ಬೆಂಕಿ ಹಚ್ಚಿ ಕೊಡುವ ಕಾಫಿ ಒಂದು ಉಂಟಲ್ಲ ಆ ಕಡೆ? ಬೆಂಕಿ ಹಚ್ಚಿದ ಮೇಲೆ ಆಲ್ಕೋಹಾಲ್ ಸುಟ್ಟು ಹೋಗ್ತದೆ, ಸುಬ್ಬು ಕುಡಿಯಬಹುದು.

ಕಾಫಿಬೀಜ_ಚಿಕ್ಕಮಗಳೂರು
ಅದು ಕ್ರೆಮಾಯೆತ್. ಸುಟ್ಟು ಹೋಗೋದು ಸ್ವಲ್ಪ ಮಾತ್ರ. ರಮ್ಮಿಗೆ ಸಕ್ಕರೆ, ದಾಲ್ಚಿನ್ನಿ, ನಿಂಬೆ ಸಿಪ್ಪೆ, ನಾಲ್ಕು ಕಾಫಿ ಬೀಜ ಹಾಕಿ ಬಿಸಿ ಮಾಡಿ ಉರಿ ಹಚ್ತಾರೆ. ಆಲ್ಕೋಹಾಲ್ ಒಂದು ಮಟ್ಟಕ್ಕಿಂತ ಇಳಿದಾಗ ಉರಿ ತಾನೇ ಆರುತ್ತೆ. ಆರಿತು ಅಂದ್ರೆ ಖಾಲಿಯಾಯ್ತು ಅಂತಲ್ಲ, ಉರಿಯೋಕೆ ಸಾಲದಷ್ಟು ಉಳಿದಿದೆ ಅಂತ. ಎಷ್ಟೋ ಜನ ಅರ್ಧಕ್ಕೇ ಮುಚ್ಚಿ ಆರಿಸ್ತಾರೆ ಕೂಡ, ಆಗ ಇನ್ನೂ ಹೆಚ್ಚು ಉಳಿಯುತ್ತೆ. ಆಮೇಲೆ ಮೇಲಿಂದ ಮೆಲ್ಲಗೆ ಕಾಫಿ ಸುರಿದ್ರೆ ಎರಡು ಪದರ ನಿಲ್ಲುತ್ತೆ, ನೋಡೋಕೆ ಚೆಂದ. ಸುಬ್ಬು ನೋಡಲಿ, ಕುಡಿಯೋದು ಬೇಡ.

ಶಿರಸಿ_ಅಪ್ಪೆಮಿಡಿ
ಕವಳದ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ ಅಂತ ನೆನಪಿರಲಿ. ಜಗಲಿ ಬೇರೆ, ಮೇಜು ಬೇರೆ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಹೆಂಗಸರೂ ಊಟ ಮುಗಿಸಿ ಒಳಮನೆಯಲ್ಲಿ ಕವಳ ಹಾಕಿ ಕೂರ್ತಾರೆ, ಅವರ ಮಾತು ಜಗಲಿಯದ್ದಕ್ಕಿಂತ ಉದ್ದ.

ಮಂಡ್ಯದ_ಮಂಜುಳಾ
ಅದಂತೂ ನಿಜ.

ಸಾಗರದ_ಸುಬ್ಬು
ಬೇಕರಿಯದು ಒಂದೇ ಉಳೀತು. ಮೊಟ್ಟೆ ಇದ್ದರೆ ನಡೆಯುತ್ತೆ. ನೋಡಿದ ತಕ್ಷಣ ಯಾವುದು ತಗೊಳ್ಳಬಾರದು?

ಬಾರ್ಸಿಲೋನಾ_ಬಾಣಸಿಗ
ಹಂದಿ ಕೊಬ್ಬು ಹಾಕಿದವು ಬೇಡ. ಸುರುಳಿ ಸುತ್ತಿ ಮೇಲೆ ಸಕ್ಕರೆ ಪುಡಿ ಉದುರಿಸಿದ ಎನ್ಸಾಯ್ಮಾದಾ, ಕ್ರಿಸ್‌ಮಸ್ ಹೊತ್ತಿನ ಪೊಲ್ವೊರೋನ್, ಮಾಂತೆಕಾದೊ ಇವೆಲ್ಲ ಸಾಮಾನ್ಯವಾಗಿ ಅದರಲ್ಲೇ ಮಾಡೋದು. ವಲೆನ್ಸಿಯಾದಲ್ಲಿ ಕೋಕಾ ದೆ ಯಾಂದಾ ಕೇಳಿ, ಎಣ್ಣೆ, ಮೊಟ್ಟೆ, ನಿಂಬೆ ಸಿಪ್ಪೆ ಹಾಕಿ ತಗಡಿನ ಟ್ರೇಯಲ್ಲಿ ಸುಟ್ಟ ಚೌಕದ ಕೇಕು. ಅನುಮಾನ ಬಂದ್ರೆ ಕೌಂಟರಿನಲ್ಲಿ ಮಾಂತೆಕಾ ದೆ ಥೆರ್ದೊ ಇದೆಯಾ ಅಂತ ಕೇಳಿ. ಬರೀ ಮಾಂತೆಕಾ ಅಂದ್ರೆ ಬೆಣ್ಣೆ ಅಂದ್ಕೊಳ್ಳಬೇಡಿ, ಅಲ್ಲಿ ಬೆಣ್ಣೆಗೆ ಮಾಂತೆಕೀಯಾ.